ಮಂಗಳವಾರವೂ ಶುಕ್ರವಾರವೂ

ವಿನಯಾ ಫೋನ್ ಹಿಡಿದು ಹಿಂಬದಿಯ ಜಗಲಿಗೆ ಬಂದಳು. ಒಳಗೆ ಗಂಡ ಯೋಗೀಶ್ ಮಲಗಿದ್ದ. ಈ ಮಾತು ಅವನ ಕಿವಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.

"ನಮ್ಮದು ಹೈಬ್ರಿಡ್, ಮೇಡಂ. ಮೂರು ದಿನ ಆಫೀಸು, ಎರಡು ದಿನ ಮನೆಯಿಂದ," ಎಂದಳು ಶರ್ಮಿಳಾ. ಆಸ್ಪತ್ರೆ ಬಿಲ್ಲುಗಳ ವಿಮೆ ಲೆಕ್ಕ ನೋಡುವ ಮಣಿಪಾಲದ ಕಂಪನಿಯೊಂದಕ್ಕೆ ಜನ ಆರಿಸುವುದು ಅವಳ ಕೆಲಸ. ಆಫರ್ ಲೆಟರ್ ಆಗಲೇ ಮೇಲ್‌ನಲ್ಲಿ ಬಂದಿತ್ತು. ಶುಕ್ರವಾರ ಸಂಜೆಯೊಳಗೆ ಸಹಿ ಆಗಬೇಕು.

"ಅದು ಕಂಪನಿಯ ನಿಯಮ. ನಾನು ಸೇರುವ ಟೀಮಿನಲ್ಲಿ ಹೇಗೆ ನಡೀತದೆ? ಯಾವ ದಿನ ಮನೆಯಿಂದ ಅಂತ ಯಾರು ಹೇಳುವುದು?"

"ಫ್ಲೆಕ್ಸಿಬಲ್ ಇರ್ತಾರೆ. ಸೇರಿದ ಮೇಲೆ ಮ್ಯಾನೇಜರ್ ಹತ್ರ ಮಾತಾಡ್ಕೊಳ್ಳಿ."

"ಸೇರುವ ಮೊದಲೇ ತಿಳೀಬೇಕಿತ್ತು. ಕೇಳಿ ಹೇಳ್ತೀರಾ?"

ಮರುದಿನ ಉತ್ತರ ಬಂತು. ಮ್ಯಾನೇಜರ್ ಉಲ್ಲಾಸ್ ಅವರ ಟೀಮು ಆಫೀಸಿಗೆ ಬರುವುದು ಮಂಗಳವಾರ, ಬುಧವಾರ, ಗುರುವಾರ. ಮಂಗಳವಾರ ಎಲ್ಲರೂ ಕೂತು ಬಾಕಿ ಬಿಲ್ಲುಗಳನ್ನು ನೋಡುತ್ತಾರೆ.

ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಯೋಗೀಶನಿಗೆ ಕುಂದಾಪುರದಲ್ಲಿ ಡಯಾಲಿಸಿಸ್. ಅವನ ತಮ್ಮ ರತನ್ ರಿಕ್ಷಾದಲ್ಲಿ ಕರೆದುಕೊಂಡು ಹೋಗಿ, ಕಿರಿಮಂಜೇಶ್ವರದ ಮನೆಗೆ ತಂದುಬಿಡುತ್ತಿದ್ದ. ಬಂದ ಮೇಲೆ ಯೋಗೀಶನ ಬಿಪಿ ಇಳಿಯುತ್ತಿತ್ತು. ಒಮ್ಮೆ ಬಚ್ಚಲಲ್ಲಿ ಬಿದ್ದವನು, ನೆರೆಮನೆಯ ಗುಲಾಬಿಗೆ ನರಳಾಟ ಕೇಳುವವರೆಗೂ ಅಲ್ಲೇ ಇದ್ದ. ಅಂದಿನಿಂದ ಆ ಎರಡು ದಿನ ವಿನಯಾ ತಾನು ಕೆಲಸಕ್ಕಿದ್ದ ಆಡಿಟರ ಆಫೀಸಿನ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡುತ್ತಿದ್ದಳು. ಈಗ ಆ ಆಡಿಟರೇ ಆಫೀಸು ಮುಚ್ಚುತ್ತಿದ್ದರು.

"ಅತ್ಗೆ, ಮೊದ್ಲ್ ಸೈನ್ ಹಾಕಿ. ಒಳ್ಗ್ ಹೊಕ್ಕಿ ಕಡಿಕ್ ಕೇಂಡ್ರಾತ್," ಎಂದ ರತನ್. ಸೇರಿದ ಮೇಲೆ ಕೇಳಿದರಾಯಿತು ಎಂದು ಅವನ ಲೆಕ್ಕ.

"ಕಡಿಕ್ ಇಲ್ಲ ಅಂದ್ರೆ? ಮಂಗ್ಳಾರ ನಾನ್ ಮಣಿಪಾಲದಗೆ, ಇವ್ರ್ ಒಬ್ರೇ ಇಲ್ಲಿ."

ರತನ್ ರಿಕ್ಷಾ ತಿರುಗಿಸಿಕೊಂಡು ಹೋದ.

ಅವಳು ಲ್ಯಾಪ್‌ಟಾಪ್ ತೆರೆದಳು. ಮೊದಲು ಕಾಯಿಲೆಯ ಕಥೆಯನ್ನೆಲ್ಲ ಬರೆದಳು. ಓದಿ ನೋಡಿ ಅಳಿಸಿದಳು. ಮನೆಯ ಕಾರಣ ಎಂದರೆ ಸಾಕು. ಮಂಗಳವಾರ, ಶುಕ್ರವಾರ ಮನೆಯಿಂದ ಕೆಲಸ. ಉಳಿದ ಮೂರು ದಿನ ಆಫೀಸಿಗೆ ಬರುತ್ತೇನೆ. ಮಂಗಳವಾರದ ಮೀಟಿಂಗಿಗೆ ವೀಡಿಯೊದಲ್ಲಿ ಇರುತ್ತೇನೆ. ಇದು ಆಫರ್ ಲೆಟರಿನಲ್ಲಿ ಬಂದರೆ ಸಹಿ ಮಾಡುತ್ತೇನೆ.

ಗುರುವಾರ ಶರ್ಮಿಳಾ ಫೋನ್ ಮಾಡಿದಳು. "ಉಲ್ಲಾಸ್ ಸರ್ ಒಪ್ಪಿದ್ದಾರೆ, ಮೇಡಂ. ಆದರೆ ಬರೆದು ಕೊಡೋದು ಕಷ್ಟ. ಇನ್ನೊಬ್ಬರೂ ಲಿಸ್ಟಿನಲ್ಲಿದ್ದಾರೆ."

"ನಾಳೆ ಉಲ್ಲಾಸ್ ಸರ್ ಬೇರೆ ಟೀಮಿಗೆ ಹೋದರೆ, ಬಂದವರಿಗೆ ನಾನು ಏನು ತೋರಿಸಲಿ?"

"ಕೇಳಿ ನೋಡ್ತೇನೆ," ಎಂದು ಶರ್ಮಿಳಾ ಫೋನಿಟ್ಟಳು.

ಶುಕ್ರವಾರ ಯೋಗೀಶ್ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನನ್ನು ಮಲಗಿಸಿ ಬರುವಷ್ಟರಲ್ಲಿ ತಿದ್ದಿದ ಲೆಟರ್ ಬಂದಿತ್ತು. 'ವಾರಕ್ಕೆ ಎರಡು ದಿನ ಮನೆಯಿಂದ, ಮ್ಯಾನೇಜರ್ ವಿವೇಚನೆಯಂತೆ.' ಯಾವ ದಿನಗಳು ಎಂದೇ ಇಲ್ಲ.

ಬೇಲಿಯ ಹತ್ತಿರ ಹೋಗಿ ಗುಲಾಬಿಯನ್ನು ಕರೆದಳು. "ತಿಂಗ್ಳಲ್ಲಿ ಒಂದ್ ಮಂಗ್ಳಾರ ಇವ್ರ್ ಹತ್ರ ಇಪ್ಪುಕ್ ಆತ್ತಾ?"

"ಒಂದ್ ದಿನ ಆರೆ ನಾ ಕೂಕಂತೆ. ಎಂತಕ್?" ಗುಲಾಬಿ ಒಪ್ಪಿದಳು.

"ಕಡಿಕ್ ಹೇಳ್ತೆ."

ಒಳಗೆ ಬಂದು ಮತ್ತೆ ಬರೆದಳು. ದಿನಗಳ ಹೆಸರು ಲೆಟರಿನಲ್ಲಿ ಇರಬೇಕು. ಬದಲಿಸುವುದಾದರೆ ಒಂದು ತಿಂಗಳು ಮೊದಲೇ ಬರೆದು ತಿಳಿಸಬೇಕು. ನನ್ನ ಕಡೆಯಿಂದ, ತಿಂಗಳ ಕೊನೆಯ ಮಂಗಳವಾರ ಆಫೀಸಿಗೆ ಬರುತ್ತೇನೆ. ಕಳಿಸುವ ಮೊದಲು ಬೆರಳು ತಡೆಯಿತು. ಅವರು ಸಾಕು ಎಂದು ಬಿಟ್ಟರೆ? ಮುಂದಿನ ತಿಂಗಳಿಗೆ ಕೆಲಸವೇ ಇಲ್ಲ. ಒತ್ತಿದಳು.

ಐದೂವರೆಯಾಯಿತು. ಆರಾಯಿತು. ಸಮಯ ಮುಗಿಯಿತೆಂದು ಅವಳು ಲ್ಯಾಪ್‌ಟಾಪ್ ಮುಚ್ಚುವಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಉಲ್ಲಾಸ್ ಮಾತಾಡೋದು. ತಿಂಗಳ ಕೊನೆಯ ಮಂಗಳವಾರ ಖಂಡಿತ ಬರ್ತೀರಾ? ಅವತ್ತು ನನಗೆ ಜನ ಬೇಕೇ ಬೇಕು."

"ಬರ್ತೇನೆ, ಸರ್."

"ಹಾಗಾದರೆ ಬರೆಸ್ತೇನೆ. ಆದರೆ ಆರು ತಿಂಗಳ ನಂತರ ಮತ್ತೆ ಕೂತು ನೋಡ್ತೇವೆ."

"ಅದನ್ನೂ ಬರೆಸಿ ಸರ್. ನೋಡುವಾಗ ನನ್ನನ್ನೂ ಕೇಳ್ತೀರಿ ಅಂತ."

ಅವರು ಸಣ್ಣಗೆ ನಕ್ಕರೋ, ಉಸಿರು ಬಿಟ್ಟರೋ ತಿಳಿಯಲಿಲ್ಲ. "ಆಯ್ತು."

ಕತ್ತಲಾಗುವ ಹೊತ್ತಿಗೆ ಲೆಟರ್ ಬಂತು. ವಿನಯಾ ಅದನ್ನು ಯೋಗೀಶನ ಮಂಚದ ಪಕ್ಕ ಕೂತು ಕನ್ನಡದಲ್ಲಿ ಓದಿ ಹೇಳಿದಳು. ಅವನು ಕಣ್ಣು ಮುಚ್ಚಿಯೇ ಕೇಳಿದ.

"ಆರ್ ತಿಂಗ್ಳ್ ಕಳ್ದ್ ಮೇಲೆ ಅವ್ರ್ ಆತಿಲ್ಲೆ ಅಂದ್ರೆ?"

"ಅಷ್ಟೊತ್ತಿಗೆ ನನ್ನ್ ಕೆಲ್ಸ ಎಂತದ್ದಂತ ಅವ್ರಿಗೂ ಗೊತ್ತಾಯಿರತ್ತ್."

ಯೋಗೀಶ್ ಕೈ ಚಾಚಿ ಅವಳ ಮೊಣಕೈ ಮುಟ್ಟಿದ. ಅವಳು ಅಲ್ಲೇ ಕೂತು ಸಹಿ ಮಾಡಿದಳು.