ಒಂಬತ್ತು ರೂಪಾಯಿಯ ಸಕ್ಕರೆ

ನನ್ನ ಗಂಡ ಶಾಂತರಾಜುವಿಗೆ ಬುದ್ಧಿ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಲೊಕ್ಕನಹಳ್ಳಿಯ ನಮ್ಮ ದಿನಸಿ ಅಂಗಡಿ ಅತ್ತೆ ಕಟ್ಟಿದ್ದು. ಅವರು ಹೋದ ಮೇಲೆ ಇಪ್ಪತ್ತು ವರ್ಷದಿಂದ ತಕ್ಕಡಿ ನನ್ನ ಕೈಯಲ್ಲಿದೆ. ಇವರದು ಕೊಳ್ಳೇಗಾಲಕ್ಕೆ ಹೋಗಿ ಸಾಮಾನು ತರುವ ಕೆಲಸ, ಅಷ್ಟೇ.

ಹೋದ ತಿಂಗಳು ಸಾಮಾನಿನ ಜೊತೆ ಒಂದು ಕಟ್ಟು ಹಳದಿ ಸ್ಟಿಕ್ಕರ್ ತಂದರು. ಅಲ್ಲಿ ಹೊಸದಾಗಿ ತೆರೆದ ದೊಡ್ಡ ಅಂಗಡಿಯಲ್ಲಿ ಎಲ್ಲ ಬೆಲೆಯೂ ಒಂಬತ್ತರಲ್ಲೇ ಮುಗಿಯುತ್ತದಂತೆ. ನಲವತ್ತೊಂಬತ್ತು, ತೊಂಬತ್ತೊಂಬತ್ತು.

"ಜನ ಎಡಗಡೆಯಿಂದ ಓದ್ತಾರೆ ಕಣೇ. ನಲವತ್ತೊಂಬತ್ತು ಅಂದ್ರೆ ನಲವತ್ತರ ಮೇಲೆ ಏನೋ ಅಂತ ಮನಸ್ಗೆ ಬತ್ತದೆ. ಐವತ್ತು ಅಂದ್ರೆ ಐವತ್ತೇ," ಅಂದರು.

ಸುಳ್ಳು ಅನ್ನುವುದಿಲ್ಲ. ಮೂರು ತಿಂಗಳಿಂದ ಧೂಳು ಹಿಡಿದು ಕೂತಿದ್ದ ನೂರು ರೂಪಾಯಿಯ ಬಕೆಟ್ಟುಗಳಿಗೆ ತೊಂಬತ್ತೊಂಬತ್ತರ ಸ್ಟಿಕ್ಕರ್ ಹಚ್ಚಿದ್ದೇ ತಡ, ವಾರದಲ್ಲಿ ಮೂರು ಹೋದವು. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಇವರ ಕೈ ಸಕ್ಕರೆ ಮೂಟೆಗೆ ಹೋಯಿತು.

ನಮ್ಮಲ್ಲಿ ಕಿಲೋ ಲೆಕ್ಕದಲ್ಲಿ ಕೇಳುವವರು ಕಡಿಮೆ. ಬೆಳಿಗ್ಗೆ ಆರಕ್ಕೆ ಕೂಲಿಗೆ ಹೊರಟ ಹೆಂಗಸರು ಹತ್ತು ರೂಪಾಯಿ ಸಕ್ಕರೆ, ಇಪ್ಪತ್ತು ರೂಪಾಯಿ ಎಣ್ಣೆ ಅಂತಾರೆ. ಕೈಯಲ್ಲಿರುವ ದುಡ್ಡೇ ಅವರ ಅಳತೆ. ನಾನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಮೇಲೆ ಒಂದು ಚಿಟಿಕೆ ಕೊಸರು ಹಾಕುತ್ತೇನೆ. ಅದು ಅತ್ತೆ ಕಲಿಸಿದ್ದು. ಆ ಹೆಂಗಸರಿಂದಲೇ ನಮ್ಮ ಅಂಗಡಿ ನಡೆಯುವುದು.

ಇವರು ಇನ್ನೂರು ಗ್ರಾಮಿನ ಪ್ಯಾಕೆಟ್ ಕಟ್ಟಿ ಒಂಬತ್ತು ರೂಪಾಯಿ ಅಂತ ಅಂಟಿಸಿದರು. ಕಿಲೋಗೆ ನಲವತ್ತೈದರಂತೆ ಲೆಕ್ಕ ಸರಿಯೇ. ಆದರೆ ಕೊಸರಿಲ್ಲ. ಹತ್ತು ಕೊಟ್ಟವರಿಗೆ ತಿರುಗಿ ಕೊಡಲು ಒಂದು ರೂಪಾಯಿ ಚಿಲ್ಲರೆಯೂ ಇಲ್ಲ. ಅದಕ್ಕೆ ಒಂದು ಡಬ್ಬಿ ಚಾಕ್ಲೇಟ್ ತಂದಿಟ್ಟಿದ್ದರು. ಒಂದಕ್ಕೆ ಎಪ್ಪತ್ತು ಪೈಸೆ ಬಿದ್ದಿದೆ, ಅದರಲ್ಲೂ ಮೂವತ್ತು ಪೈಸೆ ಲಾಭ ಅಂತ ಹಲ್ಲು ಕಿರಿದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಬಿಡದೆ ಮೂರು ವಾರ ಆ ಚಾಕ್ಲೇಟ್ ಹಂಚಿದವಳು ನಾನೇ.

ಮೊನ್ನೆ ಬೆಳಿಗ್ಗೆ ದೊಡ್ಡಬಸಮ್ಮ ನಮ್ಮ ಬಾಗಿಲು ದಾಟಿಕೊಂಡು ಎದುರಿನ ಶಿವರಾಜು ಅಂಗಡಿಗೆ ನಡೆದಳು. ಅತ್ತೆಯ ಕಾಲದಿಂದ ನಮ್ಮಲ್ಲಿ ಬಿಟ್ಟು ಬೇರೆಲ್ಲೂ ಕಾಲಿಡದವಳು. ಹಿಂದೆಯೇ ಇನ್ನೂ ನಾಲ್ವರು. ತಡೆಯಲಾರದೆ ಬೀದಿಗೆ ಇಳಿದೆ.

"ಯಾಕವ್ವಾ, ಮೊಕ ತಿರುಗಿಸ್ಕಂಡು ಓಯ್ತಿದ್ದೀಯೆ?"

"ನಂದು ಬೊಚ್ಚು ಬಾಯಿ, ಅಲ್ಲೇ ಇಲ್ಲ, ಚಾಕ್ಲೇಟ್ ತಕಂಡು ಏನ್ ಮಾಡ್ಲಿ?" ಅಂದಳು. ಅವಳಿಗೂ ಸಿಟ್ಟಿತ್ತು. "ನಿಮ್ಮತ್ತೆ ಅತ್ತು ರೂಪಾಯ್ಗೆ ಅತ್ತು ರೂಪಾಯಿ ಸಾಮಾನೂ ಕೊಟ್ಟು ಕೊಸರೂ ಆಕೋಳು. ಈಗ ನೀವೇ ನಮ್ಮತ್ರ ಕೊಸರು ಕಿತ್ಕತೀರಿ."

ಬೀದಿಯಲ್ಲಿ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಒಳಗೆ ಬಂದವಳೇ ಸಕ್ಕರೆಯ ಮೇಲಿನ ಹಳದಿ ಸ್ಟಿಕ್ಕರುಗಳನ್ನು ಒಂದೊಂದಾಗಿ ಕಿತ್ತೆ. ಪ್ಯಾಕೆಟ್ಟುಗಳನ್ನು ಹರಿದು ಸಕ್ಕರೆಯನ್ನು ಡಬ್ಬಕ್ಕೆ ಸುರಿದೆ.

"ಲೇ ರತ್ನ, ತಲೆ ಕೆಟ್ಟದಾ? ಬಕೆಟ್ ಓಗ್ಲಿಲ್ವಾ?" ಅಂತ ಇವರು ಕೂಗಿದರು.

"ಬಕೆಟ್ಟಿಗೆ ನಿಮ್ಮ ಒಂಬತ್ತೇ ಇರ್ಲಿ ಕಣ್ರೀ! ಅದ ತಕಳೋರು ಎರಡು ವರ್ಷಕ್ಕೊಂದ್ಸಲ ಬತ್ತಾರೆ, ಒಂದು ರೂಪಾಯಿ ಮರ್ತೋಯ್ತಾರೆ. ದಿನಾ ಬರೋಳು ದಿನಾ ಒಂದು ರೂಪಾಯಿ ಕಳ್ಕತಾಳೆ. ಮರೀತಾಳಾ? ಆ ದೊಡ್ಡಂಗಡೀಲಿ ಕಾರ್ಡ್ ಉಜ್ತಾರೆ, ಫೋನ್ ತೋರಿಸ್ತಾರೆ. ಇಲ್ಲಿ ಸೆರಗಿನ ಗಂಟಲ್ಲಿ ಇರೋದು ಒಂದೇ ನೋಟು!"

ಚಾಕ್ಲೇಟ್ ಡಬ್ಬಿ ಎತ್ತಿ ಇವರ ಮಡಿಲಿಗೆ ಹಾಕಿದೆ.

ಮರುದಿನ ಆರಕ್ಕೇ ಬಾಗಿಲಲ್ಲಿ ನಿಂತು ದೊಡ್ಡಬಸಮ್ಮನನ್ನು ಕರೆದೆ. ಒಂಬತ್ತು ಇಲ್ಲ, ಚಾಕ್ಲೇಟೂ ಇಲ್ಲ, ಹತ್ತಕ್ಕೆ ಹತ್ತು ಎಂದೆ. ಅವಳು ಒಳಗೆ ಬಂದು ಹತ್ತರ ನೋಟು ಇಟ್ಟಳು. ನಾನು ಸಕ್ಕರೆ ತೂಗಿ, ಚಿಟಿಕೆಯಲ್ಲ, ಒಂದು ಹಿಡಿಯೇ ಕೊಸರು ಹಾಕಿದೆ.

ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನನ್ನ ತಕ್ಕಡಿಯತ್ತ ಕಣ್ಣು ಹಾಯಿಸದ ದೊಡ್ಡಬಸಮ್ಮ, ಅವತ್ತು ಬಗ್ಗಿ ಅದರ ಅಂಕಿಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಪೊಟ್ಟಣ ತೆಗೆದುಕೊಂಡಳು.