ಕುತ್ತಿಗೆ ಮೊದಲು

ನಮ್ಮ ಪ್ರೊಫೆಸರ್ ಹೆಣ ಕೊಯ್ಯುತ್ತಾ ರೆಕಾರ್ಡರಿಗೆ ಮಾತಾಡುತ್ತಾರೆ, ನಾನು ಆ ಮಾತನ್ನು ವರದಿ ಮಾಡುತ್ತೇನೆ. ಕೇಳಿದವರಿಗೆ ಇದು ನೀರು ಕುಡಿದಷ್ಟು ಸುಲಭ ಅನ್ನಿಸಬಹುದು. ಅಂಥವರನ್ನು ಒಂದು ದಿನ ನನ್ನ ಕುರ್ಚಿಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಬೇಕು. ಪ್ರೊಫೆಸರ್ ಶ್ವಾಸಕೋಶದ ತೂಕ ಹೇಳುತ್ತಿರುವಾಗಲೇ ಫ್ಯಾನಿಗೆ ಬೈಯುತ್ತಾರೆ, ಬಲಗೈ ಎಂದದ್ದನ್ನು ಹತ್ತು ವಾಕ್ಯ ಆದಮೇಲೆ ಎಡಗೈ ಎಂದು ತಿದ್ದುತ್ತಾರೆ, ಹೊಟ್ಟೆಯ ಮಧ್ಯದಿಂದ ಎದ್ದು ಮತ್ತೆ ಕಣ್ಣಿಗೆ ಹೋಗುತ್ತಾರೆ. ಆ ಗೊಣಗಾಟವನ್ನೆಲ್ಲ ಕೇಳಿ, ಬೇಡದ್ದನ್ನು ಕಳೆದು, ಉಳಿದದ್ದನ್ನು ಮೂರು ತಲೆಬರಹಗಳ ಕೆಳಗೆ ಜೋಡಿಸಬೇಕು: ಹೊರಗೆ ಕಂಡದ್ದು, ಒಳಗೆ ಕಂಡದ್ದು, ಸಾವಿನ ಕಾರಣದ ಬಗ್ಗೆ ಅಭಿಪ್ರಾಯ. ಎರಡು ಪುಟ ಮೀರಬಾರದು. ನಾನೂ ಡಾಕ್ಟರೇ, ಆದರೆ ವಿಭಾಗದಲ್ಲಿ ಕಿರಿಯವಳು. ಕಿರಿಯವರ ಪಾಲಿಗೆ ಯಾವಾಗಲೂ ಇಂಥದ್ದೇ ಬರುತ್ತದೆ.

ಆ ಹೆಂಗಸಿನ ಶವಪರೀಕ್ಷೆಯ ದಿನ ನಾನು ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದೆ. ಆಕೆಗೆ ಮೂವತ್ತೂ ತುಂಬಿರಲಿಲ್ಲ. ಬೆಳಗ್ಗೆ ಹಾಸಿಗೆಯಲ್ಲಿ ಬೋರಲು ಬಿದ್ದು ಸತ್ತಿದ್ದಳು. ಅವಳಿಗೆ ಫಿಟ್ಸ್ ಬರುತ್ತಿತ್ತು, ನಿದ್ದೆಯಲ್ಲಿ ಬಂದು ಮುಖ ದಿಂಬಿನೊಳಗೆ ಸಿಕ್ಕಿಕೊಂಡಿರಬೇಕು ಎಂದು ಗಂಡ ಹೇಳಿದ. ನನ್ನ ಮಗಳಿಗೆ ಹುಟ್ಟಿದಾಗಿನಿಂದ ಒಂದು ದಿನವೂ ಫಿಟ್ಸ್ ಬಂದಿಲ್ಲ, ಇವನೇ ಕುತ್ತಿಗೆ ಹಿಸುಕಿ ಕೊಂದಿದ್ದಾನೆ ಎಂದು ತಾಯಿ ಹೇಳಿದರು. ಪೊಲೀಸರು ಗಂಡನನ್ನು ಒಳಗೆ ಹಾಕಿದರು. ಅವರ ನಾಲ್ಕು ವರ್ಷದ ಹೆಣ್ಣುಮಗು ಅಜ್ಜಿಯ ಮನೆ ಸೇರಿತು.

ಆ ತಾಯಿ ವಾರಕ್ಕೆರಡು ಸಲವಾದರೂ ಬಂದು ನಮ್ಮ ಬಾಗಿಲಾಚೆಯ ಬೆಂಚಿನ ಮೇಲೆ ಕೂರುತ್ತಿದ್ದರು. ಒಮ್ಮೆ ನನ್ನನ್ನು ತಡೆದು ನಿಲ್ಲಿಸಿದರು.

"ಡಾಕ್ಟ್ರಮ್ಮ, ಇನ್‌ಸ್ಪೆಕ್ಟರು ಹೇಳಿದ್ರು, ಎಲ್ಲಾ ನಿಮ್ಮ ವರದಿ ಮೇಲೇ ನಿಂತಿದೆಯಂತೆ. ಕುತ್ತಿಗೆ ಅಂತ ಬಂದ್ರೆ ಕೇಸ್ ನಿಲ್ಲುತ್ತೆ. ಇಲ್ದಿದ್ರೆ ಅವನು ಹೊರಗೆ ಬರ್ತಾನೆ, ಬಂದು ಮಗುನ ಕರ್ಕೊಂಡು ಹೋಗ್ತಾನೆ. ಅಪ್ಪ ಅಲ್ವಾ, ಬೇಡ ಅನ್ನೋಕೆ ನಾನ್ಯಾರು?"

"ಇನ್ನೂ ಲ್ಯಾಬಿಂದ ರಿಪೋರ್ಟ್ ಬರ್ಬೇಕಮ್ಮ."

"ಅಪ್ಪ ಅಂದ್ರೆ ಸಾಕು, ಮಂಚದ ಕೆಳಗೆ ಹೋಗಿ ಕೂತ್ಕೊಳ್ತಾಳೆ. ನಿಮ್ಮ ಕಣ್ಣಿಗೆ ಏನು ಕಂಡಿದ್ಯೋ ಅದನ್ನ ಬರೀರಿ. ನಂಗೆ ಅಷ್ಟೇ ಸಾಕು."

ನನ್ನ ಕಣ್ಣಿಗೆ ಏನೂ ಕಂಡಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಪ್ರೊಫೆಸರ ಧ್ವನಿ ಮಾತ್ರ.

ಲ್ಯಾಬಿನ ಉತ್ತರ ಬಂತು. ವಿಷವಿಲ್ಲ, ಮದ್ಯವಿಲ್ಲ, ಫಿಟ್ಸ್ ಮಾತ್ರೆಯ ಅಂಶವೂ ಇಲ್ಲ. ಮಾತ್ರೆ ಇಲ್ಲ ಎಂದ ಮಾತ್ರಕ್ಕೆ ಫಿಟ್ಸ್ ಇರಲಿಲ್ಲ ಎಂದಾಗುವುದಿಲ್ಲ, ಫಿಟ್ಸಿನಿಂದ ಸಾಯುವವರಲ್ಲಿ ಮಾತ್ರೆ ನುಂಗದವರೇ ಹೆಚ್ಚು. ಇನ್ನು ತಡಮಾಡಲು ನೆಪ ಉಳಿದಿರಲಿಲ್ಲ. ಹೆಡ್‌ಫೋನ್ ಹಾಕಿ ಕೂತೆ.

"ಮುಖ ನೀಲಿ... ನೀಲಿ ಬೇಡ, ಕೆಂಗಂದು ಅಂತ ಹಾಕು. ಕುತ್ತಿಗೆ ಮುಂದೆ, ಎದೆ ಮೇಲೂ ಹಾಗೇ ಇದೆ, ಬೋರಲು ಮಲಗಿದ್ಲಲ್ಲ. ಯಾರದಪ್ಪಾ ಆ ಫೋನು, ಆಫ್ ಮಾಡು. ರೆಪ್ಪೆ ಒಳಗೆ ಚುಕ್ಕೆ ಇದೆ, ಎರಡೂ ಕಡೆ. ದವಡೆ ಕೆಳಗೆ ಒಂದು ತರಚು, ಎಡಕ್ಕೆ, ಎಷ್ಟಿದೆ? ಒಂದು ಸೆಂಟಿಮೀಟ್ರು. ಉಗುರೋ, ಸರ ಎಳೆದದ್ದೋ, ಹೇಳೋಕಾಗಲ್ಲ. ನಾಲಿಗೆ ಕಚ್ಚಿಕೊಂಡಿದ್ದಾಳೆ, ಬಲ ಅಂಚು."

ಇದನ್ನು ನಾನು ಹೀಗೆ ಮಾಡಿದೆ: "ಹೊರಗೆ ಕಂಡದ್ದು. ಮುಖ, ಕುತ್ತಿಗೆಯ ಮುಂಭಾಗ ಮತ್ತು ಎದೆಯಲ್ಲಿ ಸಾವಿನ ನಂತರ ರಕ್ತ ಇಳಿದು ನಿಂತ ಕೆಂಗಂದು ಬಣ್ಣ. ಎರಡೂ ಕಣ್ಣುರೆಪ್ಪೆಗಳ ಒಳಮೈಯಲ್ಲಿ ಸೂಜಿಮೊನೆ ಗಾತ್ರದ ರಕ್ತಚುಕ್ಕೆಗಳು. ಎಡ ದವಡೆಯ ಕೆಳಗೆ ಒಂದು ಸೆಂಟಿಮೀಟರ್ ಉದ್ದದ ತರಚುಗಾಯ. ನಾಲಿಗೆಯ ಬಲ ಅಂಚಿನಲ್ಲಿ ಹಲ್ಲು ಊರಿದ ಗಾಯ." ಗಂಡನ ಪರ ಓದುವವನಿಗೆ ಫಿಟ್ಸಿನ ಗುರುತಾಗಿ ನಾಲಿಗೆ, ತಾಯಿಯ ಪರ ಓದುವವನಿಗೆ ಹಿಸುಕಿದ ಗುರುತಾಗಿ ಚುಕ್ಕೆಗಳು. ಆದರೆ ಬೋರಲು ಬಿದ್ದ ದೇಹದಲ್ಲಿ ರಕ್ತ ಇಳಿದು ಅಂಥ ಚುಕ್ಕೆ ತಾನಾಗಿಯೂ ಮೂಡಬಹುದು. ಹಾಗಾಗಿ ಉಳಿದದ್ದು ಕುತ್ತಿಗೆಯ ಒಳಭಾಗ.

"ಕುತ್ತಿಗೆ ಸ್ನಾಯು ಒಂದೊಂದೇ ಬಿಡಿಸ್ತಾ ಇದ್ದೀನಿ," ಎಂದಿತು ಧ್ವನಿ. "ಎಡಗಡೆ ರಕ್ತ ಇದೆ. ಚೆನ್ನಾಗೇ ಇದೆ. ಅನ್ನನಾಳದ ಹಿಂದೆಯೂ ಇದೆ. ಗಂಟಲ ಮೂಳೆ ಮುರಿದಿಲ್ಲ. ಚಿಕ್ಕ ವಯಸ್ಸು, ಮುರಿಯಲ್ಲ."

ನನ್ನ ಎದೆ ಹಗುರಾಯಿತು. ಸಿಕ್ಕಿತು ಅಂದುಕೊಂಡೆ. ಹಿಸುಕಿದಾಗ ಸ್ನಾಯುಗಳ ಒಳಗೆ ಹೀಗೆಯೇ ರಕ್ತ ಹರಡುತ್ತದೆ. ಖುಷಿ ಆಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಆಯಿತು. ಆಚೆಯ ಬೆಂಚಿಗೆ ಹೋಗಿ ಹೇಳಿಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಧ್ವನಿ ಮುಂದುವರಿಯಿತು. "ಬಂತಾ ಕರೆಂಟು? ದೇವರು ದೊಡ್ಡವನು. ಗರಗಸಣ್ಣಾ, ತಲೆ ಶುರು ಮಾಡು." ಆಮೇಲೆ ಕಿವಿ ಕೊರೆಯುವ ಗರಗಸದ ಸದ್ದು.

ನಾನು ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಮೊದಲು ಕುತ್ತಿಗೆ, ಆಮೇಲೆ ತಲೆ, ಆಮೇಲೆ ಎದೆ. ಎಷ್ಟು ಸಲ ಕೇಳಿದರೂ ಅದೇ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ಹಿಸುಕಿದ ಅನುಮಾನ ಇದ್ದಲ್ಲಿ ಮೊದಲು ತಲೆಬುರುಡೆ ತೆರೆದು ಮಿದುಳು ಎತ್ತಬೇಕು, ಎದೆ ತೆರೆದು ಹೃದಯ ಎತ್ತಬೇಕು. ಆಗ ಕುತ್ತಿಗೆಯ ನಾಳಗಳಲ್ಲಿರುವ ರಕ್ತ ಮೇಲಕ್ಕೂ ಕೆಳಕ್ಕೂ ಬಸಿದುಹೋಗುತ್ತದೆ. ಕೊನೆಗೆ ಒಣಗಿದ ಕುತ್ತಿಗೆಯನ್ನು ಪದರ ಪದರವಾಗಿ ಬಿಡಿಸಬೇಕು. ಆಗ ಕಂಡ ರಕ್ತವನ್ನು ನಂಬಬಹುದು. ನಾಳಗಳು ತುಂಬಿರುವಾಗಲೇ ಕುತ್ತಿಗೆಗೆ ಕೈಹಾಕಿದರೆ ನಮ್ಮ ಕತ್ತಿಯೇ ರಕ್ತ ಸುರಿಸುತ್ತದೆ. ಅದು ಸ್ನಾಯುವಿನಲ್ಲಿ, ಅನ್ನನಾಳದ ಹಿಂದೆ ಇಂಗುತ್ತದೆ. ಗಂಡನ ಬೆರಳು ಮಾಡಿದ್ದು ಯಾವುದು, ಡಾಕ್ಟರ ಕತ್ತಿ ಮಾಡಿದ್ದು ಯಾವುದು ಎಂದು ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ಅದರಲ್ಲೂ ಇವಳು ಬೋರಲು ಬಿದ್ದಿದ್ದವಳು, ಕುತ್ತಿಗೆಯಲ್ಲಿ ರಕ್ತ ಮೊದಲೇ ತುಂಬಿ ನಿಂತಿತ್ತು.

ಗರಗಸಣ್ಣ ಶವಾಗಾರದ ಸಹಾಯಕ. ತಲೆಬುರುಡೆ ತೆರೆಯುವ ವಿದ್ಯುತ್ ಗರಗಸ ಅವನ ಕೈಯಲ್ಲೇ ಇರುವುದರಿಂದ ಆ ಹೆಸರು. ಅವನನ್ನೇ ಹಿಡಿದು ಕೇಳಿದೆ.

"ಅವತ್ತು ಬೆಳಗ್ಗೆಯಿಂದ ಕರೆಂಟ್ ಇರ್ಲಿಲ್ಲ ಮೇಡಂ. ಕೈಗರಗಸದ ಅಲಗು ಮುರಿದು ಎಷ್ಟು ದಿನ ಆಯ್ತು, ಕೇಳಿ ಕೇಳಿ ಸಾಕಾಯ್ತು. ಆಚೆ ಜನ ಗಲಾಟೆ ಮಾಡ್ತಾ ಇದ್ರು. ಸುಮ್ನೆ ಯಾಕೆ ಕಾಯೋದು, ಕುತ್ತಿಗೆ ಮುಗಿಸ್ಬಿಡೋಣ ಅಂದ್ರು ಸಾಹೇಬ್ರು."

ಮುಗಿಸಿಯೇ ಬಿಟ್ಟರು. ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ, ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಪ್ರೊಫೆಸರಿಗೆ ಈ ಕ್ರಮ ಗೊತ್ತಿಲ್ಲ ಎಂದಲ್ಲ. ನನಗೆ ಕಲಿಸಿದವರೇ ಅವರು.

ಕರಡು ಹಿಡಿದು ಅವರ ಕೋಣೆಗೆ ಹೋದೆ. ಒಳಗೆ ಕಂಡದ್ದು ಎಂಬ ತಲೆಬರಹದ ಮೊದಲ ಸಾಲಿನಲ್ಲೇ ಬರೆದಿದ್ದೆ: "ಕುತ್ತಿಗೆಯನ್ನು ತಲೆ ಮತ್ತು ಎದೆಗಿಂತ ಮೊದಲು ಬಿಡಿಸಲಾಯಿತು." ಅವರು ಕನ್ನಡಕ ಏರಿಸಿ ಓದಿದರು.

"ಇದು ಯಾಕಮ್ಮ? ಯಾವ ವರದಿಯಲ್ಲಿ ಕ್ರಮ ಬರೀತೀವಿ ನಾವು? ತಲೆ, ಎದೆ, ಹೊಟ್ಟೆ, ಕುತ್ತಿಗೆ ಅಂತ ಜೋಡಿಸು. ಎಲ್ಲಾ ವರದಿನೂ ಹಾಗೇ ಇರೋದು."

"ಜೋಡಿಸಿದ್ರೆ ಹಾಗೇ ಮಾಡಿದ್ವಿ ಅಂತ ಓದ್ಕೊಳ್ತಾರೆ ಸರ್."

"ಓದ್ಕೊಳ್ಳಲಿ." ಅವರು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. "ಮೂವತ್ತು ವರ್ಷದಿಂದ ಇಂಥವನ್ನ ನೋಡ್ತಾ ಇದ್ದೀನಿ. ಅವನೇ ಕೊಂದಿರೋದು. ಆ ಮಗು ಅವನ ಕೈಗೆ ಹೋಗ್ಬೇಕಾ?"

ಅವರು ತಮ್ಮ ತಪ್ಪು ಮುಚ್ಚಿಕೊಳ್ಳಲು ನೋಡುತ್ತಿದ್ದರೆ ನನಗೆ ಜಗಳಕ್ಕೆ ಸುಲಭವಾಗುತ್ತಿತ್ತು. ಅವರ ಕಣ್ಣು ಒದ್ದೆಯಾಗಿತ್ತು. ರೆಕಾರ್ಡಿಂಗ್ ಕೂಡ ಸಹಿಯಾದ ಮೇಲೆ ಅಳಿಸಿಹೋಗುತ್ತದೆ, ಅದು ನಮ್ಮಲ್ಲಿ ರೂಢಿ. ಒಂದು ಸಾಲು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

"ಅವನು ಕೊಂದಿಲ್ಲದಿದ್ರೆ ಸರ್?"

"ಕೊಂದಿದ್ದಾನೆ."

"ನಿಮಗೆ ಹಾಗನ್ಸುತ್ತೆ. ನಂಗೂ ಅನ್ಸುತ್ತೆ. ಅದನ್ನ ಯಾವ ತಲೆಬರಹದ ಕೆಳಗೆ ಬರೀಲಿ?"

ಅವರು ಕುತ್ತಿಗೆಯ ಸ್ನಾಯುವಿನ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದ ವರದಿ ಇದೆಯಲ್ಲ ಎಂದು ಕೇಳಿದರು. ಇತ್ತು. ತಾಜಾ ರಕ್ತ, ಊತವಿಲ್ಲ, ಸಾಯುವ ಹೊತ್ತಿನದ್ದೋ ಸತ್ತಮೇಲಿನದ್ದೋ ಹೇಳಲಾಗದು ಎಂದು ಅದನ್ನು ನೋಡಿದವರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಪ್ರೊಫೆಸರ್ ಅದನ್ನು ಓದಿ ಪಕ್ಕಕ್ಕಿಟ್ಟರು. "ನಿನಗೆ ಯಾಕಾದ್ರೂ ಕಲಿಸಿದೆನೋ," ಎಂದು ಪೆನ್ನು ತೆಗೆದುಕೊಂಡರು.

ಅಭಿಪ್ರಾಯದಲ್ಲಿ ಹೀಗೆ ಬರೆದಿದ್ದೆ: "ಕುತ್ತಿಗೆಯಲ್ಲಿ ಕಂಡ ರಕ್ತಸ್ರಾವವು ಕುತ್ತಿಗೆ ಒತ್ತಿದ್ದರಿಂದ ಆಗಿರಬಹುದು, ಪರೀಕ್ಷೆಯ ಕ್ರಮದಿಂದಲೂ ಆಗಿರಬಹುದು. ಎರಡನ್ನೂ ಬೇರ್ಪಡಿಸಲು ಸಾಧ್ಯವಿಲ್ಲ. ಸಾವಿನ ಕಾರಣವನ್ನು ಖಚಿತಪಡಿಸಲಾಗಿಲ್ಲ." ಅವರು ಎರಡೂ ಪುಟಕ್ಕೆ ಸಹಿ ಹಾಕಿದರು. ಸರಿಯಾಗಿಯೇ ಬರೆದಿದ್ದೇನೆ ಎಂದು ನನಗೆ ಗೊತ್ತಿತ್ತು, ಆದರೂ ಹೊರಗಿನ ಬೆಂಚಿನ ಕಡೆ ನೋಡದೆ ನಡೆದೆ.

ಗಂಡ ಜಾಮೀನಿನ ಮೇಲೆ ಹೊರಬಂದ. ಮಾರನೆಯ ಬೆಳಗ್ಗೆಯೇ ಆ ತಾಯಿ ಬಂದರು. ಈ ಸಲ ಬೆಂಚಿನ ಮೇಲೆ ಕೂರಲಿಲ್ಲ, ನೇರ ನನ್ನ ಮೇಜಿನ ಮುಂದೆ ನಿಂತರು.

"ಅಂದ್ರೆ ಅವನು ಕೊಂದಿಲ್ಲ ಅಂತ ಬರ್ದಿದ್ದೀರಾ?"

"ಇಲ್ಲಮ್ಮ."

"ಕೊಂದಿದ್ದಾನೆ ಅಂತ?"

"ಅದೂ ಇಲ್ಲ."

ಕೂರಲು ಹೇಳಿದೆ. ಕರೆಂಟು, ಗರಗಸ, ಕುತ್ತಿಗೆ, ಎಲ್ಲವನ್ನೂ ಹೇಳಿದೆ. ಹೇಳದೆ ಇರುವುದು ಅವರಿಗೆ ಮಾಡುವ ಇನ್ನೊಂದು ದ್ರೋಹ ಅನ್ನಿಸಿತು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಗಮನವಿಟ್ಟು ಕೇಳಿ ಮುಂದಕ್ಕೆ ಬಾಗಿದರು.

"ಹಾಗಾದ್ರೆ ಇನ್ನೊಂದ್ಸಲ ನೋಡಿ. ನಾವು ಸುಟ್ಟಿಲ್ಲ, ಮಣ್ಣು ಮಾಡಿದ್ದೀವಿ. ಮತ್ತೆ ತೆಗೀಬಹುದಂತಲ್ಲ."

"ತೆಗೀಬಹುದಮ್ಮ. ಆದ್ರೆ ಕುತ್ತಿಗೆಯಲ್ಲಿ ನೋಡೋದು ಏನೂ ಉಳಿದಿಲ್ಲ. ಅದನ್ನ ಒಂದೇ ಸಲ ನೋಡೋಕಾಗೋದು. ನಾವು ನೋಡಿಬಿಟ್ಟಿದ್ದೀವಿ."

"ಸುಮ್ನೆ ಕುಯ್ದಿರಿ ಹಾಗಾದ್ರೆ," ಎಂದರು. ಕೋಪವಿರಲಿಲ್ಲ, ಒಂದು ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು.

ಆಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಬೇರೆಯೇ ವಿಷಯಕ್ಕೆ ಬಂದವರಂತೆ ಕೇಳಿದರು.

"ಸಾಯಂಕಾಲ ಬರ್ತಾನಂತೆ, ಮಗುನ ಕರ್ಕೊಂಡು ಹೋಗೋಕೆ. ನೀವೂ ಡಾಕ್ಟ್ರಲ್ವಾ? ಮಗುಗೆ ಹುಷಾರಿಲ್ಲ, ಎಲ್ಲೂ ಕಳಿಸ್ಬಾರ್ದು ಅಂತ ಒಂದು ಚೀಟಿ ಬರ್ಕೊಡಿ. ಒಂದು ವಾರಕ್ಕೆ ಸಾಕು."

ನಾನು ಆ ಮಗುವನ್ನು ನೋಡಿಯೇ ಇರಲಿಲ್ಲ. "ಕರ್ಕೊಂಡು ಬನ್ನಿ ಅಮ್ಮ," ಎಂದೆ. "ಮಕ್ಕಳ ಡಾಕ್ಟ್ರ ಹತ್ರ ನಾನೇ ಬರ್ತೀನಿ. ಸರಿಯಾಗಿ ನೋಡೋಣ. ಏನಾದ್ರೂ ಕಂಡ್ರೆ ಬರೀತಾರೆ."

ಅವರು ನನ್ನ ಮುಖವನ್ನೇ ನೋಡಿದರು. ಎದ್ದು ಚೀಲ ಹೆಗಲಿಗೇರಿಸಿದರು.

"ಏನು ಕಾಣುತ್ತೆ ಡಾಕ್ಟ್ರಮ್ಮ? ಇವತ್ತು ಅವಳು ಚೆನ್ನಾಗೇ ಇದ್ದಾಳೆ."