ನಲವತ್ತೊಂದನೇ ಸಾಲು

ನನ್ನ ಅಕ್ಕ ಒಂದು ದೊಡ್ಡ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಕೇಳಿದ ನಂಬರನ್ನು ವಾಪಸು ಹೇಳಿ ಖಾತ್ರಿ ಮಾಡಿಕೊಳ್ಳದೆ ಯಾರಿಗೂ ಲೈನು ಕೊಟ್ಟವಳಲ್ಲ. ಕೆಲಸದಿಂದ ನಿವೃತ್ತಳಾದರೂ ಚಟ ಬಿಡಲಿಲ್ಲ. ಅಂಗಡಿಯವನು "ಎರಡು ಕೆಜಿ" ಅಂದರೆ ಇವಳೂ "ಎರಡು ಕೆಜಿ" ಅನ್ನುತ್ತಿದ್ದಳು. ಅವನು ಮತ್ತೊಮ್ಮೆ ಹೂಂ ಅನ್ನುವ ತನಕ ಚೀಲ ತೆಗೆಯುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ನನಗೆ ನಾಚಿಕೆಯಾಗುತ್ತಿತ್ತು.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಗುತ್ತಿಗೆಯ ಟೆಕ್ನಿಷಿಯನ್. ವರ್ಷವರ್ಷವೂ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯುವ ಜಾತಿ. ಕಾಯಂ ಹುದ್ದೆಗೆ ಪರೀಕ್ಷೆ ಬರೆಯಬೇಕು. ಎರಡು ಸಲ ಬರೆದು ಎರಡು ಸಲವೂ ಕೂದಲೆಳೆಯಲ್ಲಿ ಕಳೆದುಕೊಂಡಿದ್ದೆ. ಈ ಸಲದ್ದು ಕೊನೆಯದು. ಮುಂದಿನ ಸಲಕ್ಕೆ ನನ್ನ ವಯಸ್ಸು ಮಿತಿ ದಾಟಿರುತ್ತದೆ.

ಎರಡನೇ ಸಲ ತಪ್ಪಿದಾಗ ಅಕ್ಕ ಉತ್ತರ ಗುರುತಿಸಿದ ನನ್ನ ಓಎಂಆರ್ ಹಾಳೆಯ ಕಾರ್ಬನ್ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಉತ್ತರದ ಪುಟ್ಟ ವೃತ್ತಗಳು, ಆ ಬಬಲ್‌ಗಳು, ಅರ್ಧ ಮಾತ್ರ ತುಂಬಿದ್ದವು, ಎರಡು ಕಡೆ ಬರೀ ಟಿಕ್ ಗುರುತು.

"ಲೋ ಗೂಬೆ, ಇದನ್ನ ಓದೋದು ಮೇಷ್ಟ್ರಲ್ಲ, ಮಿಷನ್ನು. ನೀನು ಒಳ್ಳೆಯವನು ಅಂತ ಅದಕ್ಕೆ ಗೊತ್ತಿಲ್ಲ. ಕಪ್ಪು ಕಂಡ್ರೆ ಉಂಟು, ಕಾಣದಿದ್ರೆ ಇಲ್ಲ" ಎಂದಳು.

ಅಂದಿನಿಂದ ಅವಳ ಪಾಠ ಶುರುವಾಯಿತು. ಖಾಲಿ ಹಾಳೆಯ ಜೆರಾಕ್ಸ್ ಕಟ್ಟು ತಂದಳು. ಮೊದಲು ಪ್ರಶ್ನೆಪತ್ರಿಕೆಯ ಸರಣಿ ಅಕ್ಷರ. ಅದು ತಪ್ಪಿದರೆ ಇಡೀ ಪತ್ರಿಕೆಯನ್ನೇ ಬೇರೆ ಸರಣಿಯ ಉತ್ತರಗಳ ಜೊತೆ ತಾಳೆ ನೋಡಿಬಿಡುತ್ತಾರೆ. ಆಮೇಲೆ ನೋಂದಣಿ ಸಂಖ್ಯೆ: ಮೇಲಿನ ಚೌಕದಲ್ಲಿ ಬರೆದುಕೊಂಡು, ಒಂದೊಂದೇ ಅಂಕಿಯ ಕೆಳಗೆ ಇಳಿದು ತುಂಬಬೇಕು. ಅಂಗೈ ಬೆವರಿದರೆ ಕೈಯಡಿ ಕರ್ಚೀಫು. ಹಾಳೆ ಮಡಿಸುವಂತಿಲ್ಲ, ಅಂಚಿನ ಕಪ್ಪು ಗುರುತುಗಳ ಹತ್ತಿರ ಪೆನ್ನು ಹೋಗುವಂತಿಲ್ಲ. ಎಲ್ಲ ಉತ್ತರವನ್ನೂ ಕೊನೆಯಲ್ಲಿ ಒಟ್ಟಿಗೆ ತುಂಬುತ್ತೇನೆಂದರೆ, "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ತಲೆಗೆ ಮೊಟಕುತ್ತಿದ್ದಳು.

ಸಂಜೆ ಊಟದ ಮೇಜಿನ ಎದುರು ಬದಿಗೆ ಕೂತು ಅವಳು ನಂಬರು ಕೂಗುವಳು.

"ಇಪ್ಪತ್ಮೂರು?"

"ಇಪ್ಪತ್ಮೂರು, ಬಿ."

"ಇಪ್ಪತ್ಮೂರು ಬಿ. ಸರಿ, ಮುಂದೆ."

ಗೊತ್ತಿಲ್ಲದ್ದಕ್ಕೆ ನಾನು "ಬಿಟ್ಟೆ" ಅನ್ನಬೇಕು. ಅವಳು "ಸಾಲೂ ಬಿಟ್ಟೆಯಾ?" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ನೂರು ಪ್ರಶ್ನೆಯ ಹಾಳೆ, ಒಂದೊಂದು ಕಂಬದಲ್ಲಿ ಇಪ್ಪತ್ತೈದು ಸಾಲು. ಕಂಬದ ಬುಡ ಬಂದಾಗ ಪ್ರಶ್ನೆಯ ಮೇಲೊಂದು ಬೆರಳು, ಸಾಲಿನ ಮೇಲೊಂದು ಬೆರಳು ಇಟ್ಟು ತೋರಿಸಬೇಕು. ನನಗೆ ರೇಗುತ್ತಿತ್ತು. ನಲವತ್ತರ ಹತ್ತಿರ ಬಂದ ಗಂಡಸನ್ನು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೂರಿಸಿದ್ದಾಳಲ್ಲ ಎಂದು. ಆದರೂ ದಿನವೂ ಕೂತೆ. ನಮ್ಮಿಬ್ಬರಿಗೂ ಬೇರೆ ಯಾರಿದ್ದರು?

ಪರೀಕ್ಷೆಯ ದಿನಾಂಕ ಗೊತ್ತಾಗುವ ಮೊದಲೇ ಅಕ್ಕ ಹೋಗಿಬಿಟ್ಟಳು. ಸಣ್ಣ ಜ್ವರ ಅಂದುಕೊಂಡಿದ್ದೆವು. ಅವಳ ರಕ್ತವನ್ನು ನಾನೇ ಮಿಷನ್ನಿಗೆ ಇಟ್ಟೆ, ಬಂದ ಅಂಕಿಗಳನ್ನು ನಾನೇ ಓದಿದೆ. ಅದರ ಬಗ್ಗೆ ಇನ್ನು ಬರೆಯಲಾರೆ.

ಪರೀಕ್ಷೆಯ ಕೋಣೆ ಯಾವುದೋ ಶಾಲೆಯದು. ಮೊಣಕಾಲು ತಗಲುವ ಬೆಂಚು, ಅರ್ಧ ಅಳಿಸಿದ ಕಪ್ಪುಹಲಗೆ. ಕೊಠಡಿ ಮೇಲ್ವಿಚಾರಕಿ, ಕನ್ನಡಕದ ಹೆಂಗಸು, ನಿಯಮ ಹೇಳಿದರು. ಕಪ್ಪು ಬಾಲ್‌ಪೆನ್ನು ಮಾತ್ರ. ವೈಟ್ನರ್, ಬ್ಲೇಡು, ರಬ್ಬರು ಮುಟ್ಟುವಂತಿಲ್ಲ. ಒಂದು ಸಾಲಿನಲ್ಲಿ ಎರಡು ಬಬಲ್ ತುಂಬಿದರೆ ತಪ್ಪು ಉತ್ತರವೆಂದೇ ಲೆಕ್ಕ. ತಪ್ಪಿಗೆ ಕಾಲು ಅಂಕ ಕಡಿತ. ಹಾಳೆ ಹಾಳಾದರೆ ಇನ್ನೊಂದು ಕೊಡುವುದಿಲ್ಲ.

ಸರಣಿ, ನೋಂದಣಿ ಸಂಖ್ಯೆ ಎಲ್ಲ ಸರಿಯಾಗಿ ತುಂಬಿದೆ. ಪ್ರಶ್ನೆಗಳು ಗೊತ್ತಿದ್ದಂಥವೇ. ಕೈ ಓಡುತ್ತಿತ್ತು. ನಲವತ್ತೊಂದನೆಯದು ಗೊಂದಲದ್ದು, ಆಮೇಲೆ ನೋಡೋಣ ಎಂದು ಬಿಟ್ಟೆ. "ಬಿಟ್ಟೆ" ಎಂದು ಮನಸ್ಸಿನಲ್ಲಿ ಅಂದದ್ದೂ ನೆನಪಿದೆ. ಎದುರಿನಿಂದ ಕೇಳಬೇಕಾದವಳು ಕೇಳಲಿಲ್ಲ. ನಾನು ಮುಂದೆ ಹೋದೆ.

ಐವತ್ತನೇ ಪ್ರಶ್ನೆಗೆ ತುಂಬಿ, ಕಂಬದ ಬುಡವೆಂದು ಬೆರಳಿಟ್ಟೆ. ಐವತ್ತನೇ ಸಾಲು ಖಾಲಿ ಇತ್ತು.

ಬೆರಳು ಹಿಡಿದು ಮೇಲೆ ಮೇಲೆ ಹೋದೆ. ನಲವತ್ತೆರಡರ ಉತ್ತರ ನಲವತ್ತೊಂದರ ಸಾಲಿನಲ್ಲಿ ಕೂತಿತ್ತು. ಅಲ್ಲಿಂದ ಕೆಳಗೆ ಒಂಬತ್ತು ಸಾಲೂ ಹಾಗೆಯೇ, ಒಂದೊಂದು ಮನೆ ಮೇಲಕ್ಕೆ. ಪ್ರಶ್ನೆಯನ್ನು ಬಿಟ್ಟಿದ್ದೆ, ಸಾಲನ್ನು ಬಿಟ್ಟಿರಲಿಲ್ಲ.

"ಮೇಡಂ, ಬೇರೆ ಹಾಳೆ..."

"ಕೊಡೋಕೆ ಬರಲ್ಲ ಸರ್. ಮೊದಲೇ ಹೇಳಿದ್ನಲ್ಲ." ಅವರ ದನಿಯಲ್ಲಿ ಕನಿಕರವಿತ್ತು. ಅದರಿಂದ ಉಪಯೋಗವಿರಲಿಲ್ಲ.

ಸರಿಯಾದ ಬಬಲ್ಲನ್ನೂ ತುಂಬಿಬಿಡಲೇ? ಎರಡಿದ್ದರೆ ಹೇಗೂ ತಪ್ಪೆಂದೇ ಲೆಕ್ಕ. ಉಗುರಿನಿಂದ ಕೆರೆಯಲೇ? ಕಾಗದ ಹರಿದರೆ ಇಡೀ ಹಾಳೆಯನ್ನೇ ಮಿಷನ್ನು ಉಗುಳಬಹುದು. ಪೆನ್ನು ಕೆಳಗಿಟ್ಟೆ. ಅಳು ಬಂತು, ಸುಳ್ಳೇಕೆ. ಅಂಕ ಹೋಯಿತೆಂದಲ್ಲ. ಬೈಯುವವರೂ ಇಲ್ಲವಲ್ಲ ಎಂದು.

ಅಕ್ಕ ಇದ್ದಿದ್ದರೆ ಏನನ್ನುತ್ತಿದ್ದಳು? "ಒಂಬತ್ತು ಹೋದ್ರೆ ಹೋಯ್ತು, ಇನ್ನೈವತ್ತನ್ನ ನೋಡೋ ಗೂಬೆ." ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ಕೇಳಿದವರು ಅನ್ನಬಹುದು. ಆದರೆ ನನ್ನ ಕೋಟೆ ಇನ್ನೂ ಅರ್ಧ ಉಳಿದಿತ್ತು. ಕೆಟ್ಟ ಸಾಲುಗಳನ್ನು ಮುಟ್ಟಲಿಲ್ಲ. ಐವತ್ತನೇ ಪ್ರಶ್ನೆಯ ಉತ್ತರವನ್ನು ಅದರದೇ ಸಾಲಿನಲ್ಲಿ ಮತ್ತೊಮ್ಮೆ ತುಂಬಿದೆ. ಅದೊಂದಾದರೂ ತನ್ನ ಮನೆಗೆ ಸೇರಿತು.

ಮುಂದಿನದಕ್ಕೆ ನಾನೇ ಕೂಗಿಕೊಂಡೆ. "ಐವತ್ತೊಂದು?" "ಐವತ್ತೊಂದು, ಎ." "ಐವತ್ತೊಂದು ಎ. ಸರಿ, ಮುಂದೆ."

"ಸರ್, ಸದ್ದು ಮಾಡ್ಬೇಡಿ" ಎಂದರು ಮೇಲ್ವಿಚಾರಕಿ. ಮುಂದಿನ ಬೆಂಚಿನವನು ತಿರುಗಿ ನೋಡಿ ನಕ್ಕ. ಆಮೇಲೆ ಬರೀ ತುಟಿ ಆಡಿಸಿದೆ. ಕೇಳುವವನೂ ನಾನೇ, ಹೇಳುವವನೂ ನಾನೇ, ಖಾತ್ರಿ ಮಾಡುವವನೂ ನಾನೇ. ಎರಡಾಳಿನ ಕೆಲಸವನ್ನು ಒಬ್ಬನೇ ಮಾಡಿದರೆ ಎಷ್ಟು ದಣಿವಾಗುತ್ತದೆಂದು ಅಂದು ತಿಳಿಯಿತು. ಕೊನೆಯ ಗಂಟೆ ಹೊಡೆದಾಗ ಕೊನೆಯ ಸಾಲಿನ ಮೇಲೂ ಕೊನೆಯ ಪ್ರಶ್ನೆಯ ಮೇಲೂ ನನ್ನ ಬೆರಳುಗಳಿದ್ದವು.

ಅಧಿಕೃತ ಉತ್ತರಗಳು ಪ್ರಕಟವಾದಾಗ ಕಾರ್ಬನ್ ಪ್ರತಿ ಇಟ್ಟುಕೊಂಡು ತಾಳೆ ನೋಡಿದೆ. ಅಕ್ಕಪಕ್ಕದ ಎರಡು ಪ್ರಶ್ನೆಗೆ ಒಂದೇ ಉತ್ತರವಿದ್ದ ಕಡೆ ತಪ್ಪು ಸಾಲೂ ಸರಿಯಾಗಿತ್ತು. ಅಂಥವು ಎರಡು ಸಿಕ್ಕವು. ತಮಾಷೆಯೆಂದರೆ ನಲವತ್ತೊಂದೂ ಸರಿ. ನನಗೆ ಗೊತ್ತೇ ಇಲ್ಲದ ಪ್ರಶ್ನೆಗೆ ಅಂಕ ಬಂತು, ಗೊತ್ತಿದ್ದ ಆರಕ್ಕೆ ಹೋಯಿತು. ಮಿಷನ್ನಿಗೆ ನಾನು ಒಳ್ಳೆಯವನೆಂದೂ ಗೊತ್ತಿಲ್ಲ, ದಡ್ಡನೆಂದೂ ಗೊತ್ತಿಲ್ಲ.

ಆಯ್ಕೆಪಟ್ಟಿ ಒಂದು ಸಂಜೆ ಫೋನಿಗೆ ಬಂತು. ಕೆಳಗಿನಿಂದ ಹುಡುಕುವುದು ನನ್ನ ಅಭ್ಯಾಸ, ಆದ್ದರಿಂದ ನನ್ನ ಸಂಖ್ಯೆ ಬೇಗ ಸಿಕ್ಕಿತು. ಕೊನೆಯಿಂದ ಎರಡನೆಯದು. ಬೀಸುವ ದೊಣ್ಣೆ ತಪ್ಪಿತ್ತು. ಐವತ್ತನೇ ಸಾಲಿನ ಹತ್ತಿರ ಬೆರಳಿಡದೆ ಹೋಗಿದ್ದರೆ ಕೊನೆಯ ತನಕ ಹಾಗೆಯೇ ಜಾರಿಕೊಂಡು ಹೋಗುತ್ತಿದ್ದೆ.

ಊಟದ ಮೇಜಿಗೆ ಕೂತು ನನ್ನ ನೋಂದಣಿ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದೆ. ಓದಿ, ಅಭ್ಯಾಸಬಲದಿಂದ ಸುಮ್ಮನಾದೆ. ಎದುರು ಕುರ್ಚಿಯಿಂದ ಅದು ವಾಪಸು ಬರಬೇಕಿತ್ತು. ಬಹಳ ಹೊತ್ತು ಕಾದೆ.

ಕೊನೆಗೆ ನಾನೇ "ಸರಿ, ಮುಂದೆ" ಎಂದೆ. ಮುಂದೆ ಏನೆಂದು ಕೇಳಲು ಯಾರೂ ಇರಲಿಲ್ಲ.